ಆರಂಭಶೂರರ ಲೆಕ್ಕ

ಕಳೆದ ಸೆಮಿಸ್ಟರಿನಲ್ಲಿ ಫೆಸ್ಟಿನ ವೆಬ್‌ಸೈಟ್ ಕೆಲಸ ನಮ್ಮ ಐದು ಜನರ ತಲೆಗೆ ಬಿತ್ತು. ನಾಲ್ಕು ವಾರ ಕಳೆದ ಮೇಲೆ ಒಂದು ಶುಕ್ರವಾರ ಸಂಜೆ ಕ್ಯಾಂಟೀನಿನ ಹಿಂದಿನ ಕಟ್ಟೆಯ ಮೇಲೆ ಮೀಟಿಂಗಿಗೆ ಕೂತಿದ್ದೆವು. ಅಷ್ಟರಲ್ಲಿ ಪೋಸ್ಟರ್ ಪ್ರಿಂಟ್ ಆಗಿ ಗೋಡೆಗೆ ಅಂಟಿಯೂ ಆಗಿತ್ತು. ಅದರಲ್ಲಿದ್ದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ದುಡ್ಡು ಕಟ್ಟುವ ಪುಟ ತೆರೆಯಬೇಕಿತ್ತು. ತೆರೆಯುತ್ತಿರಲಿಲ್ಲ. ಆ ಪುಟ ಇನ್ನೂ ಮುಗಿದೇ ಇರಲಿಲ್ಲ.

ಇಂಥ ಹೊತ್ತಿನಲ್ಲಿ ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು, ಯಾರು ಸ್ಲೋ ಅಂತ ಹುಡುಕಿದೆವು. ಕಣ್ಣಿಗೆ ಬಿದ್ದವಳು ತಂಡದ ಕಿರಿಯಳು, ಎರಡನೇ ವರ್ಷದ ಹುಡುಗಿ. ಅವಳ ರಿಜಿಸ್ಟ್ರೇಶನ್ ಫಾರ್ಮ್ ಮುಗಿಯೋಕೆ ಹನ್ನೆರಡು ದಿನ ಹಿಡಿದಿತ್ತು.

"ಏನಮ್ಮಾ, ಒಂದು ಫಾರ್ಮ್ ಮಾಡೋಕೆ ಹನ್ನೆರಡು ದಿನ ಬೇಕಾ?" ಅಂತ ನಮ್ಮಲ್ಲೊಬ್ಬ ಕೇಳೇಬಿಟ್ಟ.

"ಅಣ್ಣ, ನಾನು ಮೂರನೇ ದಿನಾನೇ ಮಾಡಿ ಕೊಟ್ಟಿದ್ದೆ," ಅಂದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸೋಮವಾರ ಅವಳು ಬರಲಿಲ್ಲ. ಗ್ರೂಪಿನಲ್ಲೂ ಮಾತಿಲ್ಲ.

ಮಂಗಳವಾರ ರಾತ್ರಿ ನಾವು ನಾಲ್ವರು ಬೋರ್ಡ್ ತೆರೆದು ಲೆಕ್ಕ ಹಾಕಲು ಕೂತೆವು. ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇವೆ: ಅವಳೇ ಸ್ಲೋ ಅಂತ ಸಾಬೀತು ಮಾಡೋದೇ ಆವತ್ತು ನಮ್ಮ ಉದ್ದೇಶವಾಗಿತ್ತು. ಲೆಕ್ಕ ಮುಗಿಯುವ ಹೊತ್ತಿಗೆ ಸಾಬೀತಾಗಿದ್ದು ಬೇರೆಯೇ. ಆ ಲೆಕ್ಕವನ್ನೇ ಇಲ್ಲಿ ಬಿಡಿಸಿ ಇಡುತ್ತಿದ್ದೇವೆ. ಪ್ರಾಜೆಕ್ಟ್ ತಂಡವಿರಲಿ, ಕ್ಲಬ್ ಇರಲಿ, ಈ ಕ್ಯಾಂಪಸ್ಸಿನಲ್ಲಿ ಇದೇ ತಪ್ಪನ್ನು ಮಾಡುತ್ತಿರುವವರು ನಾವು ಮಾತ್ರ ಅಲ್ಲ ಅಂತ ನಮಗೆ ಗ್ಯಾರಂಟಿ.

ಮೆಸ್ಸಿನಲ್ಲಿ ಎಷ್ಟು ಜನ?

ಮೊದಲು ಹಾಸ್ಟೆಲ್ ಮೆಸ್ಸಿನಿಂದ ಶುರು ಮಾಡೋಣ. ಊಟದ ಹೊತ್ತಿನಲ್ಲಿ ನಿಮಿಷಕ್ಕೆ ಆರು ಜನ ಒಳಗೆ ಬರುತ್ತಾರೆ ಅಂದುಕೊಳ್ಳಿ. ಅಷ್ಟೇ ಜನ ಕೈ ತೊಳೆದು ಹೊರಗೆ ಹೋಗುತ್ತಾರೆ. ಒಬ್ಬೊಬ್ಬರು ಸರಾಸರಿ ಇಪ್ಪತ್ತು ನಿಮಿಷ ಒಳಗಿರುತ್ತಾರೆ. ಹಾಗಾದರೆ ಯಾವಾಗ ಇಣುಕಿ ನೋಡಿದರೂ ಒಳಗೆ ಸರಾಸರಿ ಎಷ್ಟು ಜನ ಇರುತ್ತಾರೆ? ಆರು ಗುಣಿಸು ಇಪ್ಪತ್ತು, ನೂರಿಪ್ಪತ್ತು. ಇಷ್ಟೇ ಲಿಟಲ್ಸ್ ಲಾ.

ಸೂತ್ರವಾಗಿ ಬರೆದರೆ ಹೀಗೆ:

```
L = λ × W
```

L ಅಂದರೆ ಒಳಗಿರುವವರ ಸರಾಸರಿ ಸಂಖ್ಯೆ. ತಂಡದ ಲೆಕ್ಕದಲ್ಲಿ ಅದು ವರ್ಕ್ ಇನ್ ಪ್ರೋಗ್ರೆಸ್, ಅಂದರೆ ಶುರುವಾಗಿ ಇನ್ನೂ ಮುಗಿಯದೇ ಇರುವ ಕೆಲಸಗಳು. λ ಅಂದರೆ ಥ್ರೂಪುಟ್, ದಿನಕ್ಕೆ ಎಷ್ಟು ಕೆಲಸ ಮುಗಿದು ಹೊರಗೆ ಹೋಗುತ್ತವೆ ಅನ್ನೋದು. W ಅಂದರೆ ಸೈಕಲ್ ಟೈಮ್, ಒಂದು ಕೆಲಸ ಶುರುವಾದ ದಿನದಿಂದ ಮುಗಿಯುವ ದಿನದವರೆಗೆ ಸರಾಸರಿ ಎಷ್ಟು ದಿನ ಹಿಡಿಯುತ್ತದೆ ಅನ್ನೋದು. ನಮಗೆ ಬೇಕಾದದ್ದು ಸಾಮಾನ್ಯವಾಗಿ ಕೊನೆಯದ್ದು. ಆದ್ದರಿಂದ ಸೂತ್ರವನ್ನು ತಿರುಗಿಸಿ, ಕೈಯಲ್ಲಿರೋ ಕೆಲಸವನ್ನು ಥ್ರೂಪುಟ್‌ನಿಂದ ಭಾಗಿಸಿದರೆ ಸೈಕಲ್ ಟೈಮ್ ಅಂತ ನೆನಪಿಟ್ಟುಕೊಂಡರೆ ಸಾಕು.

ಈ ಸಂಬಂಧವನ್ನು ಜನ ಮೊದಲಿನಿಂದಲೂ ಬಳಸುತ್ತಿದ್ದರು. ಎಲ್ಲ ಸಂದರ್ಭಕ್ಕೂ ಅನ್ವಯಿಸುವ ಹಾಗೆ ಸಾಧಿಸಿ ತೋರಿಸಿದವರು ಜಾನ್ ಲಿಟಲ್. ಅಮೆರಿಕದ ಕ್ಲೀವ್‌ಲ್ಯಾಂಡಿನ ಕೇಸ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಮಾಡುತ್ತಿದ್ದಾಗ ಅವರು ಇದರ ಮೇಲೆ ಕೆಲಸ ಮಾಡಿದರು. 1961ರಲ್ಲಿ ಆಪರೇಶನ್ಸ್ ರಿಸರ್ಚ್ ಪತ್ರಿಕೆಯಲ್ಲಿ ಅವರ ಲೇಖನ ಬಂತು. ಅದರ ವಿಶೇಷ ಏನೆಂದರೆ, ಜನ ಯಾವ ರೀತಿ ಬರುತ್ತಾರೆ, ಯಾವ ಕ್ರಮದಲ್ಲಿ ಸೇವೆ ಸಿಗುತ್ತದೆ, ಕೌಂಟರ್ ಒಂದಿದೆಯೋ ಹತ್ತಿವೆಯೋ ಅನ್ನೋದು ಯಾವುದೂ ಬೇಕಾಗಿಲ್ಲ. ಕ್ಯೂಯಿಂಗ್ ಥಿಯರಿಯ ಉಳಿದ ಸೂತ್ರಗಳಲ್ಲಿ ಪಾಯ್ಸಾನ್, ಎಕ್ಸ್‌ಪೊನೆನ್ಶಿಯಲ್ ಅಂತ ಊಹೆಗಳನ್ನು ಹೊತ್ತುಕೊಂಡು ಹೋಗಬೇಕು. ಇಲ್ಲಿ ಆ ಗೋಜಿಲ್ಲ.

ಅಟೆಂಡೆನ್ಸ್ ರಿಜಿಸ್ಟರಿನ ಸಾಧನೆ

ಯಾಕೆ ಆ ಗೋಜಿಲ್ಲ ಅನ್ನೋದಕ್ಕೆ ನಮಗೆ ಹೊಳೆದ ಹೋಲಿಕೆ ಅಟೆಂಡೆನ್ಸ್ ರಿಜಿಸ್ಟರಿನದು. ಅದರಲ್ಲಿ ಅಡ್ಡ ಸಾಲಿಗೆ ಒಬ್ಬೊಬ್ಬ ವಿದ್ಯಾರ್ಥಿ, ಉದ್ದ ಸಾಲಿಗೆ ಒಂದೊಂದು ದಿನ. ಒಟ್ಟು ಎಷ್ಟು ಹಾಜರಿ ಬಿದ್ದಿದೆ ಅಂತ ಎರಡು ರೀತಿ ಎಣಿಸಬಹುದು. ಒಬ್ಬೊಬ್ಬರ ಹಾಜರಿ ಎಣಿಸಿ ಕೂಡಿಸಬಹುದು, ಇಲ್ಲವೇ ದಿನದಿನದ ಹಾಜರಿ ಎಣಿಸಿ ಕೂಡಿಸಬಹುದು. ಹೇಗೆ ಎಣಿಸಿದರೂ ಮೊತ್ತ ಒಂದೇ. ಬೇರೆ ಬಂದರೆ ಎಣಿಸುವುದರಲ್ಲಿ ತಪ್ಪಾಗಿದೆ ಅಂತ ಅರ್ಥ.

ಈಗ ವಿದ್ಯಾರ್ಥಿಯ ಜಾಗದಲ್ಲಿ ಕೆಲಸದ ಕಾರ್ಡ್ ಇಡಿ. ಒಂದು ಕಾರ್ಡ್ ತೆರೆದಿರುವ ಪ್ರತಿ ದಿನಕ್ಕೆ ಒಂದು ಹಾಜರಿ. ನಮ್ಮ ಬೋರ್ಡಿನ ಹಾಗೇ ಇರುವ ಒಂದು ಪುಟ್ಟ ಉದಾಹರಣೆ ನೋಡಿ, ಹತ್ತು ದಿನ, ಆರು ಕಾರ್ಡ್. ಶುರುವಾದ ದಿನ, ಮುಗಿದ ದಿನ ಎರಡನ್ನೂ ಎಣಿಕೆಗೆ ಹಿಡಿದಿದ್ದೇವೆ.

| ಕಾರ್ಡ್ | ಶುರು | ಮುಗಿದದ್ದು | ತೆರೆದಿದ್ದ ದಿನ |
|---|---|---|---|
| ಲಾಗಿನ್ | 1 | 3 | 3 |
| ಈವೆಂಟ್ ಪಟ್ಟಿ | 1 | 5 | 5 |
| ಫಾರ್ಮ್ | 2 | 7 | 6 |
| ಫೋಟೊ ಪುಟ | 4 | 8 | 5 |
| ಇಮೇಲ್ | 5 | 10 | 6 |
| ವೇಳಾಪಟ್ಟಿ | 6 | 10 | 5 |

ಕೊನೆಯ ಸಾಲು ಕೂಡಿಸಿದರೆ 30. ಇದನ್ನು 30 ಕಾರ್ಡ್-ದಿನ ಅನ್ನೋಣ. ಆರು ಕಾರ್ಡಿಗೆ ಹಂಚಿದರೆ ಸರಾಸರಿ ಸೈಕಲ್ ಟೈಮ್ 5 ದಿನ.

ಈಗ ದಿನದ ಕಡೆಯಿಂದ ಎಣಿಸಿ. ಮೊದಲ ದಿನ ತೆರೆದಿದ್ದದ್ದು ಎರಡು ಕಾರ್ಡ್. ಆಮೇಲೆ ಕ್ರಮವಾಗಿ 3, 3, 3, 4, 4, 4, 3, 2, 2. ಕೂಡಿಸಿದರೆ ಮತ್ತೆ 30. ಹತ್ತು ದಿನಕ್ಕೆ ಹಂಚಿದರೆ ದಿನಕ್ಕೆ ಸರಾಸರಿ 3 ಕಾರ್ಡ್ ತೆರೆದಿದ್ದವು. ಹತ್ತು ದಿನಕ್ಕೆ ಆರು ಕಾರ್ಡ್ ಮುಗಿದಿವೆ, ಅಂದರೆ ಥ್ರೂಪುಟ್ ದಿನಕ್ಕೆ 0.6. 0.6 ಗುಣಿಸು 5, ಸರಿಯಾಗಿ 3.

ಇದರಲ್ಲಿ ಪವಾಡ ಏನಿಲ್ಲ. ಒಂದೇ ಮೊತ್ತವನ್ನು ಎರಡು ಕಡೆಯಿಂದ ಭಾಗಿಸಿದ್ದೇವೆ ಅಷ್ಟೇ. ಆದ್ದರಿಂದಲೇ ಈ ನಿಯಮದ ಜೊತೆ ಚೌಕಾಸಿ ನಡೆಯೋದಿಲ್ಲ. "ನಮ್ಮ ತಂಡ ಬೇರೆ ಥರ" ಅನ್ನೋ ಮಾತಿಗೆ ಇಲ್ಲಿ ಜಾಗವಿಲ್ಲ.

ಒಂದು ಷರತ್ತನ್ನು ಗಮನಿಸಿ. ಈ ಉದಾಹರಣೆಯಲ್ಲಿ ಮೊದಲೂ ಬೋರ್ಡ್ ಖಾಲಿ, ಕೊನೆಗೂ ಖಾಲಿ. ಅದಕ್ಕೇ ಲೆಕ್ಕ ಕೂದಲೆಳೆಯಷ್ಟೂ ಆಚೀಚೆ ಆಗದೆ ಕೂತಿತು. ನಡುವೆ ಒಂದಷ್ಟು ದಿನ ಕತ್ತರಿಸಿ ತೆಗೆದರೆ ಅಂಚಿನಲ್ಲಿ ಅರ್ಧಂಬರ್ಧ ಕಾರ್ಡ್‌ಗಳು ಸಿಗುತ್ತವೆ. ಒಳಗೆ ಬರುವುದೂ ಹೊರಗೆ ಹೋಗುವುದೂ ಹೆಚ್ಚುಕಮ್ಮಿ ಸಮ ಇದ್ದರೆ ಅವು ದೊಡ್ಡ ವ್ಯತ್ಯಾಸ ಮಾಡುವುದಿಲ್ಲ. ಸಮ ಇಲ್ಲದಿದ್ದರೆ? ನಮ್ಮ ಕಥೆ ಇರೋದೇ ಅಲ್ಲಿ.

ನಮ್ಮ ನಾಲ್ಕು ವಾರ

ಬೋರ್ಡಿನಲ್ಲಿ ಪ್ರತಿ ಕಾರ್ಡಿನ ಚರಿತ್ರೆ ಇರುತ್ತದೆ, ಯಾವ ದಿನ ಯಾವ ಕಾಲಮ್ಮಿಗೆ ಸರಿಯಿತು ಅಂತ. ಅದನ್ನು ನೋಡಿಕೊಂಡು ಮಂಗಳವಾರ ರಾತ್ರಿ ಇಪ್ಪತ್ತು ಕೆಲಸದ ದಿನಗಳ ರಿಜಿಸ್ಟರ್ ಬರೆದೆವು. ಖಾಲಿ ಬೋರ್ಡಿನಿಂದ ಶುರು ಮಾಡಿದ್ದೆವು. ಒಟ್ಟು 32 ಕಾರ್ಡ್ ಶುರು ಮಾಡಿದ್ದೆವು. ಮುಗಿದದ್ದು 20. ಉಳಿದ 12 ಇನ್ನೂ ತೆರೆದೇ ಇದ್ದವು.

ಮುಗಿದ ಇಪ್ಪತ್ತರ ಸರಾಸರಿ ಸೈಕಲ್ ಟೈಮ್ ತೆಗೆದೆವು: 5 ದಿನ. ಫೆಸ್ಟ್ ಕಮಿಟಿಯವರು "ಪೇಮೆಂಟ್ ಪುಟ ಯಾವಾಗ?" ಅಂತ ಕೇಳಿದಾಗ "ಐದು ದಿನ ಸಾಕು" ಅಂದಿದ್ದೆವಲ್ಲ, ಆ ಐದು ಬಂದದ್ದು ಇದೇ ಅಂದಾಜಿನಿಂದ. ಸುಳ್ಳು ಹೇಳಿರಲಿಲ್ಲ. ಮುಗಿದ ಕಾರ್ಡ್‌ಗಳು ನಿಜವಾಗಿಯೂ ಸರಾಸರಿ ಐದು ದಿನದಲ್ಲೇ ಮುಗಿದಿದ್ದವು.

ಆಮೇಲೆ ದಿನದ ಕಡೆಯಿಂದ ಎಣಿಸಿದೆವು. ಇಪ್ಪತ್ತು ದಿನದಲ್ಲಿ ಒಟ್ಟು 160 ಕಾರ್ಡ್-ದಿನ, ಅಂದರೆ ದಿನಕ್ಕೆ ಸರಾಸರಿ 8 ಕಾರ್ಡ್ ತೆರೆದಿದ್ದವು. ಥ್ರೂಪುಟ್ ಇಪ್ಪತ್ತು ದಿನಕ್ಕೆ ಇಪ್ಪತ್ತು, ದಿನಕ್ಕೆ 1. ನಿಯಮದ ಪ್ರಕಾರ ಸೈಕಲ್ ಟೈಮ್ 8 ದಿನ ಇರಬೇಕು. ಅಳೆದದ್ದು 5.

ಮೊದಲು ಲೆಕ್ಕ ತಪ್ಪಿದ್ದೇವೆ ಅಂದುಕೊಂಡೆವು. ಮತ್ತೆ ಎಣಿಸಿದರೂ ಅಷ್ಟೇ. ಆಗ ಕಾರ್ಡ್-ದಿನಗಳು ಎಲ್ಲಿ ಹೋದವು ಅಂತ ಹುಡುಕಿದೆವು. ಮುಗಿದ ಇಪ್ಪತ್ತು ಕಾರ್ಡ್, ತಲಾ ಐದು ದಿನ, ಒಟ್ಟು 100. ಹಾಗಾದರೆ ಉಳಿದ 60 ಕಾರ್ಡ್-ದಿನ ಎಲ್ಲಿ? ಇನ್ನೂ ಮುಗಿಯದ ಆ ಹನ್ನೆರಡು ಕಾರ್ಡ್‌ಗಳ ಹೊಟ್ಟೆಯಲ್ಲಿ. ಅವು ದಿನ ತಿನ್ನುತ್ತಲೇ ಇದ್ದವು. ಆದರೆ ಮುಗಿದಿಲ್ಲವಾದ್ದರಿಂದ ನಮ್ಮ ಸರಾಸರಿಯಲ್ಲಿ ಅವುಗಳ ಹೆಸರೇ ಬಂದಿರಲಿಲ್ಲ. ಪೇಮೆಂಟ್ ಪುಟ ಅವುಗಳಲ್ಲಿ ಒಂದು. ಅದು ತೆರೆದು ಆಗಲೇ 17 ದಿನವಾಗಿತ್ತು.

ಇಲ್ಲಿ ನಮಗೆ ಅರ್ಥವಾದ ವಿಷಯ ಇದು. ಮುಗಿದ ಕೆಲಸದ ಸರಾಸರಿಯನ್ನು ಮಾತ್ರ ನೋಡುವ ತಂಡಕ್ಕೆ ಸಿಕ್ಕಿಹಾಕಿಕೊಂಡ ಕೆಲಸ ಕಾಣುವುದೇ ಇಲ್ಲ. ಪರೀಕ್ಷೆ ಪಾಸಾದವರ ಅಂಕ ಮಾತ್ರ ತೆಗೆದುಕೊಂಡು ಕ್ಲಾಸಿನ ಸರಾಸರಿ ಹೇಳಿದ ಹಾಗೆ. ಆದರೆ ಮೂರು ಸಂಖ್ಯೆಗಳನ್ನೂ ಬೇರೆಬೇರೆಯಾಗಿ ಅಳೆದು ಗುಣಾಕಾರ ಹೊಂದುತ್ತದಾ ಅಂತ ನೋಡಿದರೆ, ಹೊಂದದೇ ಇರುವುದೇ ಒಂದು ಸೂಚನೆ. ಅಲ್ಲಿ ನಿಯಮ ಸೋತಿಲ್ಲ. ಹೊರಗೆ ಹೋಗುವುದಕ್ಕಿಂತ ಒಳಗೆ ಬರುವುದು ಹೆಚ್ಚಾಗಿದೆ, ಕೆಳಗೆ ಎಲ್ಲೋ ಹಳೇ ಕೆಲಸ ಕೊಳೆಯುತ್ತಿದೆ ಅಂತ ಅದು ಹೇಳುತ್ತಿದೆ.

ಎಲ್ಲಿ ಕಾಯುತ್ತಿತ್ತು?

ಈ ನಿಯಮಕ್ಕೆ ಇನ್ನೊಂದು ಅನುಕೂಲ ಇದೆ. ಮೆಸ್ಸಿಗೆ ಅನ್ವಯಿಸುವುದು ಮೆಸ್ಸಿನೊಳಗಿನ ಅನ್ನದ ಕೌಂಟರಿಗೂ ಅನ್ವಯಿಸುತ್ತದೆ. ಯಾವ ಭಾಗದ ಸುತ್ತ ಗೆರೆ ಎಳೆದರೂ ಸರಿ, ಆ ಗೆರೆಯೊಳಗೆ ಎಷ್ಟಿದೆ, ಎಷ್ಟು ದಾಟಿ ಹೋಗುತ್ತದೆ ಅಂತ ಎಣಿಸಿದರಾಯಿತು.

ನಮ್ಮ ಬೋರ್ಡಿನಲ್ಲಿ ತೆರೆದ ಕಾರ್ಡಿಗೆ ಎರಡು ಕಾಲಮ್ ಇದ್ದವು, ಒಂದು ಬರೆಯುತ್ತಿರುವುದು, ಇನ್ನೊಂದು ರಿವ್ಯೂ. ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ನೋಡಿ ಒಪ್ಪಿದ ಮೇಲಷ್ಟೇ ಅದು ಸೈಟಿಗೆ ಹೋಗಬೇಕು ಅನ್ನೋದು ನಾವೇ ಮಾಡಿಕೊಂಡ ನಿಯಮ. ಒಳ್ಳೆಯ ನಿಯಮವೇ. ಆದರೆ ಬ್ಯಾಕೆಂಡ್ ಪೂರ್ತಿ ಗೊತ್ತಿದ್ದವನು ಒಬ್ಬನೇ, ಫೈನಲ್ ಇಯರ್‌ನವನು. ಎಲ್ಲ ಕಾರ್ಡೂ ಅವನ ಮುಂದೆಯೇ ಸಾಲುಗಟ್ಟುತ್ತಿದ್ದವು.

ಕಾಲಮ್ಮಿನ ಪ್ರಕಾರ ಎಣಿಸಿದಾಗ ಸರಾಸರಿ 8 ತೆರೆದ ಕಾರ್ಡ್‌ಗಳಲ್ಲಿ 3 ಬರೆಯುವ ಹಂತದಲ್ಲಿ, 5 ರಿವ್ಯೂನಲ್ಲಿ ಇದ್ದವು. ದಿನಕ್ಕೆ ಒಂದು ಕಾರ್ಡ್ ಹೊರಗೆ ಹೋಗುತ್ತಿತ್ತು. ಅಂದರೆ ಮುಗಿಯುವ ಒಂದೊಂದು ಕಾರ್ಡಿಗೆ ಬರೆಯಲು ಮೂರು ದಿನ ಖರ್ಚಾದರೆ ರಿವ್ಯೂಗೆ ಐದು ದಿನ ಖರ್ಚಾಗುತ್ತಿತ್ತು. ಆ ಐದರಲ್ಲಿ ನಿಜವಾಗಿ ಕೋಡ್ ಓದುವುದಕ್ಕೆ ಬೇಕಾಗಿದ್ದದ್ದು ಹೆಚ್ಚೆಂದರೆ ಒಂದು ಗಂಟೆ. ಮಿಕ್ಕಿದ್ದೆಲ್ಲ ಕಾಯುವುದು.

ಕಿರಿಯಳ ಫಾರ್ಮಿನ ಚರಿತ್ರೆ ತೆರೆದೆವು. ಮೂರು ದಿನ ಬರೆಯುವ ಕಾಲಮ್ಮಿನಲ್ಲಿ, ಒಂಬತ್ತು ದಿನ ರಿವ್ಯೂ ಕಾಲಮ್ಮಿನಲ್ಲಿ. ಅವಳು ಹೇಳಿದ್ದು ಅಕ್ಷರಶಃ ನಿಜ.

ರಿವ್ಯೂ ಮಾಡಬೇಕಿದ್ದವನ ಮೇಲೆ ಕೋಪ ತಿರುಗಿಸುವುದು ಸುಲಭವಿತ್ತು. ಅದೂ ತಪ್ಪೇ. ಅವನ ಹೆಸರಿನಲ್ಲಿ ಅವನದೇ ಮೂರು ಕಾರ್ಡ್ ತೆರೆದಿದ್ದವು, ಮೇಲೆ ಪ್ಲೇಸ್‌ಮೆಂಟ್ ಇಂಟರ್ವ್ಯೂ ಬೇರೆ. ನಾವು ಉಳಿದವರು ಏನು ಮಾಡುತ್ತಿದ್ದೆವು? ಒಂದು ಕಾರ್ಡ್ ರಿವ್ಯೂಗೆ ತಳ್ಳಿ, ಅದು ವಾಪಸ್ ಬರುವ ತನಕ ಸುಮ್ಮನೆ ಯಾಕೆ ಕೂರಬೇಕು ಅಂತ ಹೊಸದೊಂದು ಶುರು ಮಾಡುತ್ತಿದ್ದೆವು. ಆ ಹೊಸದೂ ಅದೇ ಸಾಲಿಗೆ ಬಂದು ನಿಲ್ಲುತ್ತಿತ್ತು. ನಮ್ಮ ಚುರುಕುತನವೇ ಸಾಲನ್ನು ಉದ್ದ ಮಾಡುತ್ತಿತ್ತು. ಆರಂಭಶೂರರು ಅಂತ ಹಿರಿಯರು ಬೈಯುವುದು ಸೋಮಾರಿಗಳನ್ನಲ್ಲ ಅಂತ ಆವತ್ತು ತಿಳಿಯಿತು.

ಬುಧವಾರ ಬೆಳಿಗ್ಗೆ ಅವಳ ಕ್ಲಾಸಿನ ಹತ್ತಿರ ಹೋಗಿ ಕ್ಷಮೆ ಕೇಳಿದೆವು. ಲೆಕ್ಕದ ಹಾಳೆ ತೋರಿಸಿದೆವು. ಅವಳು ಹಾಳೆಯನ್ನು ಒಂದು ನಿಮಿಷ ನೋಡಿ, "ಬರ್ತೀನಿ. ಆದ್ರೆ ಮೊದ್ಲು ರಿವ್ಯೂ ಸಾಲು ಖಾಲಿ ಮಾಡಿ ಅಣ್ಣ, ಅಲ್ಲೀವರೆಗೂ ಯಾರೂ ಹೊಸದು ಶುರು ಮಾಡ್ಬೇಡಿ," ಅಂದಳು. ಆಮೇಲೆ ನಾವು ಮಾಡಿದ್ದೆಲ್ಲ ಈ ಒಂದು ಮಾತಿನ ವಿಸ್ತರಣೆ.

ಆರು ಕಾರ್ಡಿನ ಮಿತಿ

ಐದು ಜನರಿಗೆ ಆರು ತೆರೆದ ಕಾರ್ಡ್, ಅದಕ್ಕಿಂತ ಹೆಚ್ಚಿಲ್ಲ ಅಂತ ಗೊತ್ತು ಮಾಡಿಕೊಂಡೆವು. ತಲೆಗೊಂದು, ಜೊತೆಗೆ ಯಾವುದಾದರೂ ಎಲ್ಲಾದರೂ ನಿಂತರೆ ಇರಲಿ ಅಂತ ಒಂದು ಹೆಚ್ಚುವರಿ. ಆರೇ ಯಾಕೆ ಅಂದರೆ ಶಾಸ್ತ್ರವೇನಿಲ್ಲ, ಅದು ಊಹೆ.

ಮಿತಿ ಹಾಕಿದ ಮಾತ್ರಕ್ಕೆ ಹನ್ನೆರಡು ಕಾರ್ಡ್ ಆರಾಗುವುದಿಲ್ಲ. ಮೊದಲು ಕೂತು ಪಟ್ಟಿ ನೋಡಿದೆವು. ಎರಡು ಕಾರ್ಡ್ ಯಾರಿಗೂ ಬೇಕಾಗಿರಲಿಲ್ಲ, ತೆಗೆದು ಹಾಕಿದೆವು. ಉಳಿದದ್ದು ಹತ್ತು. ದಿನಕ್ಕೆ ಒಂದರ ಲೆಕ್ಕದಲ್ಲಿ ಹತ್ತರಿಂದ ಆರಕ್ಕೆ ಇಳಿಯಲು ನಾಲ್ಕು ದಿನ. ಆ ನಾಲ್ಕು ದಿನ ಹೊಸದನ್ನು ಯಾರೂ ಮುಟ್ಟಲಿಲ್ಲ. ರಿವ್ಯೂ ಮಾಡುವವನ ಪಕ್ಕ ಇಬ್ಬರು ಕೂತು ಬ್ಯಾಕೆಂಡ್ ಓದಲು ಕಲಿತರು. ಸುಲಭದ ಕಾರ್ಡ್‌ಗಳನ್ನು ಅವರೇ ನೋಡತೊಡಗಿದರು. ಪೇಮೆಂಟ್ ಪುಟ ಎರಡನೇ ದಿನ ಹೊರಗೆ ಹೋಯಿತು. ಪೋಸ್ಟರಿನ ಕ್ಯೂಆರ್ ಕೋಡ್ ಕೊನೆಗೂ ಕೆಲಸ ಮಾಡಿತು.

ಆ ನಾಲ್ಕು ದಿನ ಬಹಳ ಕಷ್ಟವಾಗಿತ್ತು ಅಂತ ಹೇಳಲೇಬೇಕು. ಕೈ ಖಾಲಿ ಇದ್ದಾಗ ಹೊಸ ಕಾರ್ಡ್ ಎಳೆದುಕೊಳ್ಳದೇ ಇರೋದು ಅಪರಾಧ ಮಾಡಿದ ಹಾಗೆ ಅನಿಸುತ್ತದೆ. ಆದರೆ ಬೇರೆಯವರ ಕಾರ್ಡ್ ಮುಗಿಸಲು ಕೈ ಹಾಕುವುದೂ ಕೆಲಸವೇ.

ನಂತರದ ಇಪ್ಪತ್ತು ದಿನದ ರಿಜಿಸ್ಟರನ್ನೂ ಬರೆದೆವು. ದಿನಕ್ಕೆ ಸರಾಸರಿ 5.5 ಕಾರ್ಡ್ ತೆರೆದಿದ್ದವು. ಮುಗಿದದ್ದು 22, ಅಂದರೆ ದಿನಕ್ಕೆ 1.1. ಭಾಗಿಸಿದರೆ ಸೈಕಲ್ ಟೈಮ್ 5 ದಿನ. ಮುಗಿದ ಕಾರ್ಡ್‌ಗಳನ್ನು ಪ್ರತ್ಯೇಕ ಅಳೆದಾಗ ಸಿಕ್ಕಿದ್ದು 5.2. ಅಂಚಿನ ಕಾರ್ಡ್‌ಗಳಿಂದ ಬಂದ ಆ ಸಣ್ಣ ವ್ಯತ್ಯಾಸ ಬಿಟ್ಟರೆ ಎರಡೂ ಹೊಂದುತ್ತವೆ.

"ಮೊದಲೂ ಐದು ದಿನ, ಈಗಲೂ ಐದು ದಿನ. ಇಷ್ಟೆಲ್ಲ ಮಾಡಿ ಏನು ಬದಲಾಯ್ತು?" ಅಂತ ಕಮಿಟಿಯ ಸೀನಿಯರ್ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಮೊದಲಿನ ಐದು, ಅದೃಷ್ಟವಿದ್ದು ಮುಗಿದ ಕಾರ್ಡ್‌ಗಳ ಐದು. ಹನ್ನೆರಡು ಕಾರ್ಡ್ ಅದರ ಹೊರಗೆ ಕೊಳೆಯುತ್ತಿದ್ದವು, ನಿಜವಾದ ಸಂಖ್ಯೆ ಎಂಟರ ಹತ್ತಿರ ಇತ್ತು, ದಿನದಿಂದ ದಿನಕ್ಕೆ ಬೆಳೆಯುತ್ತಲೂ ಇತ್ತು. ಈಗಿನ ಐದು ಎಲ್ಲರನ್ನೂ ಸೇರಿಸಿದ ಐದು. ಮೊದಲು ಐದು ದಿನ ಅಂದು ಮೂರು ವಾರ ಮಾಡಿದ್ದೆವು. ಈಗ ಐದು ದಿನ ಅಂದರೆ ಒಂದೆರಡು ದಿನ ಆಚೀಚೆ ಆಗಿ ಮುಗಿಯುತ್ತದೆ. ಈ ಸಲದ ಅತಿ ತಡವಾದ ಕಾರ್ಡ್ ಒಂಬತ್ತು ದಿನ ತೆಗೆದುಕೊಂಡಿತು.

ಇನ್ನೊಂದನ್ನೂ ನೋಡಿ. ಥ್ರೂಪುಟ್ 1ರಿಂದ 1.1 ಆಯಿತು ಅಷ್ಟೇ. ಇಪ್ಪತ್ತು ದಿನದಲ್ಲಿ ಎರಡು ಕಾರ್ಡ್ ಹೆಚ್ಚು. ಕಾರ್ಡಿನ ಗಾತ್ರ ಬೇರೆಬೇರೆ ಇರುವಾಗ ಇದು ಏನನ್ನೂ ಹೇಳುವುದಿಲ್ಲ. ನಾವೇನೂ ಹೆಚ್ಚು ವೇಗವಾಗಿ ಕೆಲಸ ಮಾಡಲಿಲ್ಲ, ನಿದ್ದೆಗೆಡಲೂ ಇಲ್ಲ. ಕಮ್ಮಿ ಶುರು ಮಾಡಿದೆವು.

ಇಳಿಸುತ್ತಾ ಹೋದರೆ?

ಹಾಗಾದರೆ ಮೂರಕ್ಕೆ ಇಳಿಸಿದರೆ ಸೈಕಲ್ ಟೈಮ್ ಇನ್ನೂ ಅರ್ಧ ಆಗಬೇಕಲ್ಲ? ನಮಗೂ ಹೀಗೇ ಆಸೆಯಾಯಿತು. ಒಂದು ವಾರ ಮಿತಿಯನ್ನು ಮೂರಕ್ಕೆ ಇಟ್ಟು ನೋಡಿದೆವು. ಐದು ಕೆಲಸದ ದಿನದಲ್ಲಿ ಮುಗಿದದ್ದು ಮೂರೇ ಕಾರ್ಡ್, ದಿನಕ್ಕೆ 0.6. ಮೂರನ್ನು 0.6ರಿಂದ ಭಾಗಿಸಿದರೆ ಮತ್ತೆ 5 ದಿನ. ಇಬ್ಬರು ಏನು ಮಾಡಬೇಕು ಅಂತ ಗೊತ್ತಾಗದೆ ಕೂತಿದ್ದರು. ಸಮಯ ಉಳಿಯಲಿಲ್ಲ, ಕೆಲಸ ಮಾತ್ರ ಕಮ್ಮಿಯಾಯಿತು. ಒಂದು ವಾರ ಬಹಳ ಚಿಕ್ಕ ಅಳತೆ ನಿಜ, ಆದರೂ ದಿಕ್ಕು ಗೊತ್ತಾಯಿತು.

ನಿಯಮದ ಮಿತಿ ಇರೋದು ಇಲ್ಲೇ. ಮೂರು ಸಂಖ್ಯೆಗಳು ಯಾವಾಗಲೂ ಪರಸ್ಪರ ಹೊಂದಿಕೊಂಡಿರುತ್ತವೆ ಅಂತ ಮಾತ್ರ ಅದು ಹೇಳುತ್ತದೆ. ಒಂದನ್ನು ಇಳಿಸಿದಾಗ ಉಳಿದೆರಡರಲ್ಲಿ ಯಾವುದು ಜಗ್ಗುತ್ತದೆ ಅಂತ ಹೇಳುವುದಿಲ್ಲ. ಕೈಯಲ್ಲಿರೋ ಕೆಲಸದ ಬಹುಪಾಲು ಸುಮ್ಮನೆ ಕಾಯುತ್ತಾ ಕೂತಿದ್ದರೆ, ಅದನ್ನು ಇಳಿಸಿದಾಗ ಇಳಿಯುವುದು ಸೈಕಲ್ ಟೈಮ್. ಕಾಯುವುದೆಲ್ಲ ತೆಗೆದಾದ ಮೇಲೂ ಇಳಿಸುತ್ತಾ ಹೋದರೆ ಜನ ಖಾಲಿ ಕೂರುತ್ತಾರೆ, ಆಗ ಇಳಿಯುವುದು ಥ್ರೂಪುಟ್. ಆ ತಿರುವು ಎಲ್ಲಿದೆ ಅಂತ ಪ್ರತಿ ತಂಡವೂ ತಾನೇ ಪ್ರಯೋಗ ಮಾಡಿ ಕಂಡುಕೊಳ್ಳಬೇಕು. ಒಂದೊಂದಾಗಿ ಇಳಿಸಿ, ಥ್ರೂಪುಟ್ ಬೀಳಲು ಶುರುವಾದ ಕಡೆ ನಿಲ್ಲಿಸಿ.

ಇನ್ನೊಂದು ಎಚ್ಚರ. ಇದೆಲ್ಲ ಸರಾಸರಿಯ ಮಾತು. ನಾಳೆ ಶುರುವಾಗುವ ಒಂದು ಕಾರ್ಡ್ ಐದೇ ದಿನಕ್ಕೆ ಮುಗಿಯುತ್ತದೆ ಅಂತ ಯಾವ ನಿಯಮವೂ ಭರವಸೆ ಕೊಡುವುದಿಲ್ಲ. ದಿನಾಂಕ ಕೊಡುವಾಗ ನಾವೀಗ ಸರಾಸರಿಯ ಜೊತೆಗೆ ಅತಿ ತಡವಾದ ಕಾರ್ಡನ್ನೂ ನೋಡಿಕೊಂಡು ಕೊಡುತ್ತೇವೆ.

ನಮ್ಮ ಅಭಿಪ್ರಾಯ

ಈಗ ನಮ್ಮ ತಕರಾರಿಗೆ ಬರೋಣ. ನಮ್ಮ ಪ್ರಾಜೆಕ್ಟ್ ರಿವ್ಯೂಗಳು ಹೇಗೆ ನಡೆಯುತ್ತವೆ ನೋಡಿ. "ಯಾವ್ಯಾವ ಮಾಡ್ಯೂಲ್ ಶುರು ಮಾಡಿದ್ದೀರಿ?" ಅಂತ ಕೇಳುತ್ತಾರೆ. ಹತ್ತು ಮಾಡ್ಯೂಲ್, ಪ್ರತಿಯೊಂದರ ಎದುರು ಶೇಕಡಾ 60 ಅಂತ ಬರೆದ ಸ್ಲೈಡ್ ತೋರಿಸಿದರೆ ತಲೆಯಾಡಿಸುತ್ತಾರೆ. ನಾಲ್ಕು ಪೂರ್ತಿ ಮುಗಿಸಿ ಆರನ್ನು ಮುಟ್ಟೇ ಇಲ್ಲ ಅಂದರೆ, ಆರು ಯಾಕೆ ಶುರುವಾಗಿಲ್ಲ ಅಂತ ಪ್ರಶ್ನೆ ಬರುತ್ತದೆ. ಹೀಗಿದ್ದಾಗ ಯಾವ ತಂಡ ತಾನೇ ಕಮ್ಮಿ ಶುರು ಮಾಡುತ್ತದೆ? ಶೇಕಡಾ 60 ಆದ ಹತ್ತು ಮಾಡ್ಯೂಲ್ ಅಂದರೆ ಥ್ರೂಪುಟ್ ಸೊನ್ನೆ. ಅದು ಸ್ಲೈಡಿನಲ್ಲಿ ಕಾಣುವುದಿಲ್ಲ, ಕೊನೆಯ ವಾರದ ರಾತ್ರಿಗಳಲ್ಲಿ ಕಾಣುತ್ತದೆ.

ಆದ್ದರಿಂದ ಗೈಡ್‌ಗಳಿಗೂ ಕ್ಲಬ್ ನಡೆಸುವವರಿಗೂ ನಮ್ಮ ಮನವಿ ಇಷ್ಟು. ರಿವ್ಯೂ ಫಾರ್ಮಿನಲ್ಲಿ ಎರಡು ಸಂಖ್ಯೆ ಕೇಳಿ: ಈಗ ಎಷ್ಟು ಕೆಲಸ ತೆರೆದಿವೆ, ಹೋದ ಸಲದಿಂದ ಈಚೆಗೆ ಎಷ್ಟು ಮುಗಿದಿವೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ, ಇನ್ನೆಷ್ಟು ರಿವ್ಯೂಗಳ ಕಾಲ ಈ ಕೆಲಸಗಳು ತೆರೆದೇ ಇರುತ್ತವೆ ಅಂತ ಅಲ್ಲೇ ಗೊತ್ತಾಗುತ್ತದೆ.

ಇದಕ್ಕೆ ಬರುವ ಆಕ್ಷೇಪ ನಮಗೆ ಗೊತ್ತಿದೆ. ಜೂನಿಯರ್‌ಗಳು ಕಲಿಯಬೇಕಾದರೆ ಅವರದೇ ಕೆಲಸ ಅವರ ಕೈಯಲ್ಲಿರಬೇಕು, ಬೇರೆಯವರ ಕಾರ್ಡಿಗೆ ಸಹಾಯ ಮಾಡುತ್ತಾ ಇದ್ದರೆ ಏನು ಕಲಿತಾರೆ ಅಂತ. ಒಂದು ಕಾರ್ಡ್ ಸ್ವಂತದ್ದು ಇರಲಿ, ಅದಕ್ಕೇ ತಲೆಗೊಂದು ಅಂತ ಇಟ್ಟಿದ್ದು. ನಮ್ಮ ತಂಡದಲ್ಲಿ ಬ್ಯಾಕೆಂಡ್ ಕಲಿತ ಇಬ್ಬರೂ ಕಲಿತದ್ದು ಹೊಸ ಕಾರ್ಡ್ ನಿಲ್ಲಿಸಿದ ಆ ನಾಲ್ಕು ದಿನದಲ್ಲೇ. ಅವರಲ್ಲೊಬ್ಬಳು ಆ ಕಿರಿಯಳು.

ಇನ್ನು ನಿಮ್ಮ ತಂಡದಲ್ಲಿ ಯಾರನ್ನಾದರೂ ಸ್ಲೋ ಅಂತ ಕರೆಯುವ ಮುಂಚೆ ಒಂದು ಸಂಜೆ ಬೋರ್ಡ್ ತೆರೆದು ರಿಜಿಸ್ಟರ್ ಬರೆಯಿರಿ. ಎಷ್ಟು ತೆರೆದಿವೆ, ದಿನಕ್ಕೆ ಎಷ್ಟು ಮುಗಿಯುತ್ತಿವೆ, ಯಾವ ಕಾಲಮ್ಮಿನಲ್ಲಿ ಎಷ್ಟು ನಿಂತಿವೆ. ಅರ್ಧ ಗಂಟೆಯ ಕೆಲಸ. ನಾವು ಅದನ್ನು ಶುಕ್ರವಾರದ ಮೀಟಿಂಗಿಗೆ ಮುಂಚೆ ಮಾಡಬೇಕಿತ್ತು. ಮಾಡಿದ್ದು ಮಂಗಳವಾರ.